ನೀರುದೋಸೆ ವಿಡಿಯೋ: ಯಾವ ಮಾತು ಯಾವಾಗ ಹೇಳಬೇಕು?

"ನೀರುದೋಸೆಯ ವಿಡಿಯೋಗೆ ಸ್ಕ್ರಿಪ್ಟ್ ಬರೀತಾ ಇದ್ದೀನಿ. ಸಾಮಗ್ರಿ ಪಟ್ಟಿ, ಟಿಪ್ಸ್, ಮಾಡೋ ವಿಧಾನ ಮೂರನ್ನೂ 6 ನಿಮಿಷದಲ್ಲಿ ಬ್ಯಾಲೆನ್ಸ್ ಮಾಡೋದು ಹೇಗೆ?"

ಬ್ಯಾಲೆನ್ಸ್ ಮಾಡೋಕೆ ಹೋಗಲೇಬೇಡಿ. ನಾನು ಅದನ್ನೇ ಮಾಡಿ ಕೆಟ್ಟೆ.

ನನ್ನ ಮೊದಲ ನೀರುದೋಸೆ ವಿಡಿಯೋ ನೋಡೋಕೆ ಬಹಳ ಅಚ್ಚುಕಟ್ಟಾಗಿತ್ತು. ಮೊದಲು ಪಟ್ಟಿ ಓದಿದೆ, ಆಮೇಲೆ ಟಿಪ್ಸ್ ಎಲ್ಲಾ ಒಟ್ಟಿಗೆ ಹೇಳಿದೆ, ಕೊನೆಗೆ ದೋಸೆ ಹುಯ್ದೆ. "ಪ್ರತಿ ಸಲ ಹಿಟ್ಟು ಕಲಕಿ" ಅನ್ನೋದನ್ನೂ ಆ ಟಿಪ್ಸ್ ಗುಂಪಿನಲ್ಲೇ ಹೇಳಿ ಮುಗಿಸಿದ್ದೆ. ಹುಯ್ಯುವಾಗ ಮಾತ್ರ ನಮ್ಮ ಅಜ್ಜಿಯ ಕಾವಲಿ ಪುರಾಣ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಎಡಿಟ್ ಮಾಡುವಾಗ ಪ್ರತಿ ದೋಸೆಗೂ ಮೊದಲು ಸೌಟು ತಿರುಗಿಸೋದು ಬೋರ್ ಅನ್ನಿಸಿ ಅಷ್ಟನ್ನೂ ಕತ್ತರಿಸಿ ಹಾಕಿದೆ.

ಕಾಮೆಂಟುಗಳಲ್ಲಿ ಒಂದೇ ದೂರು. ಮೊದಲಿನವು ಹರಿದು ಹೋಗ್ತಿವೆ, ಕೊನೆಯವು ಚರ್ಮದ ಹಾಗೆ ದಪ್ಪ ಬರ್ತಿವೆ. ನೀರಿನ ಅಳತೆ ತಪ್ಪು ಅಂತ ಬೈದವರೇ ಜಾಸ್ತಿ. ಅಳತೆ ಸರಿಯಾಗೇ ಇತ್ತು. ಈ ಹಿಟ್ಟಿಗೆ ಉದ್ದು ಇಲ್ಲ, ಹುಳಿ ಬರಿಸೋದೂ ಇಲ್ಲ. ಅಕ್ಕಿಯನ್ನು ಮೇಲೆ ಹಿಡಿದಿಡೋಕೆ ಅದರಲ್ಲಿ ಏನೂ ಇಲ್ಲ. ಒಂದು ದೋಸೆ ಬೇಯೋ ಹೊತ್ತಿಗೆ ಅಕ್ಕಿ ತಳಕ್ಕೆ ಇಳಿದು, ಮೇಲೆ ತೆಳ್ಳಗಿನ ನೀರು ನಿಲ್ಲುತ್ತದೆ. ಕಲಕದೆ ಮೇಲಿನಿಂದ ತೆಗೆದರೆ ಮೊದಲ ದೋಸೆಗಳಿಗೆ ನೀರು, ಕೊನೆಯವಕ್ಕೆ ಗಸಿ. ಹೇಳಿದ್ದು ಜನರಿಗೆ ಮರೆತಿತ್ತು, ತೋರಿಸಬೇಕಾದ್ದನ್ನು ನಾನೇ ಕತ್ತರಿಸಿದ್ದೆ.

ಹಾಗಾಗಿ ಪಟ್ಟಿ ಓದಬೇಡಿ. ಅಕ್ಕಿ, ಕಾಯಿತುರಿ, ಉಪ್ಪು, ನೀರು. ಇದನ್ನು ಓದಿ ಹೇಳೋದೇನಿದೆ? ಪರದೆ ಮೇಲೆ ಅಕ್ಷರದಲ್ಲಿ ಹಾಕಿ: ಬೆಳ್ತಿಗೆ ಅಕ್ಕಿ 1 ಕಪ್, ಕಾಯಿತುರಿ ಕಾಲು ಕಪ್, ಉಪ್ಪು. ಬಾಯಲ್ಲಿ ಹೇಳಲೇಬೇಕಾದ್ದು ಎರಡೇ. ಅಕ್ಕಿ 4 ಗಂಟೆಯಾದರೂ ನೆನೆಯಬೇಕು ಅನ್ನೋದು ಮೊದಲ ಹತ್ತು ಸೆಕೆಂಡಿನಲ್ಲೇ ಬರಲಿ. ಬೆಳಿಗ್ಗೆ ಹೊಟ್ಟೆ ಹಸಿದು ವಿಡಿಯೋ ಹಾಕಿಕೊಂಡವರಿಗೆ ಮಧ್ಯದಲ್ಲಿ ಗೊತ್ತಾದರೆ ನಿಮಗೇ ಶಾಪ. ಇನ್ನೊಂದು, ನೀರು. ಕಡೆಯೋದಕ್ಕೆ ಮುಕ್ಕಾಲು ಕಪ್, ಆಮೇಲೆ ತೆಳ್ಳಗೆ ಮಾಡೋಕೆ ಒಂದೂವರೆ ಕಪ್ಪಿನಿಂದ ಶುರು ಮಾಡಿ. ಅಕ್ಕಿ ಹಳೆಯದಾದಷ್ಟು ನೀರು ಜಾಸ್ತಿ ಕುಡಿಯುತ್ತದೆ, ಅದಕ್ಕೇ ಒಂದೇ ಅಳತೆ ಗಟ್ಟಿ ಮಾಡಿ ಹೇಳೋಕಾಗಲ್ಲ. ಸೌಟು ಅದ್ದಿ ಎತ್ತಿ ಕ್ಯಾಮೆರಾಗೆ ಹಿಡಿಯಿರಿ: ಹಿಟ್ಟು ನೀರುಮಜ್ಜಿಗೆಯ ಹಾಗೆ ಸರ್ರನೆ ಇಳಿದು, ಸೌಟಿಗೆ ತೆಳುವಾದ ಬಿಳಿ ಪದರ ಉಳಿಯಬೇಕು. ಬೆರಳ ನಡುವೆ ಉಜ್ಜಿದರೆ ತರಿ ಸಿಗಬಾರದು.

ಟೈಮಿಂಗ್ ನೀವು ಮಾಡೋದಲ್ಲ, ಕಾವಲಿ ಮಾಡುತ್ತೆ. ಹುಯ್ಯೋಕೆ ಐದಾರು ಸೆಕೆಂಡ್, ಮುಚ್ಚಿ ಬೇಯಿಸೋಕೆ ಮುಕ್ಕಾಲು ನಿಮಿಷ. ಚಿಕ್ಕ ಮಾತು ಹುಯ್ಯೋಕೆ ಮೊದಲು ಕಲಕುವಾಗ, ಹುಯ್ಯುವಾಗ ಸುಮ್ಮನಿರಿ, ಉದ್ದ ಮಾತು ಮುಚ್ಚಿ ಬೇಯಿಸುವಾಗ. ಈಗ ನಾನು ಬರೆಯೋದು ಹೀಗೆ:

ಕೈ: ತಳದಿಂದ ಕಲಕುತ್ತದೆ.
ಮಾತು: "ಪ್ರತಿ ದೋಸೆಗೂ ತಳ ಮುಟ್ಟಿ ಕಲಕಿ."
ಕೈ: ಕಾವಲಿಯ ಅಂಚಿನಿಂದ ಒಳಕ್ಕೆ ಹುಯ್ಯುತ್ತದೆ.
ಮಾತು: ಇಲ್ಲ. ಚುಂಯ್ ಸದ್ದು ಕೇಳಲಿ.
ಕೈ: ಮುಚ್ಚಳ ಮುಚ್ಚುತ್ತದೆ.
ಮಾತು: "ಸದ್ದು ಬರದಿದ್ರೆ ಕಾವಲಿ ಕಾದಿಲ್ಲ, ತೂತು ಬೀಳಲ್ಲ. ಸೌಟಲ್ಲಿ ಸವರಬೇಡಿ, ಸಣ್ಣ ಸಂದಿ ಉಳಿದ್ರೆ ಇರಲಿ. ಮಗುಚೋದೂ ಬೇಡ. ಅಂಚು ತಾನಾಗೇ ಎದ್ದಾಗ ಮಡಚಿ ತೆಗೀರಿ. ಬಿಸಿಬಿಸಿ ಒಂದರ ಮೇಲೊಂದು ಇಟ್ರೆ ಅಂಟಿಕೊಳ್ಳುತ್ತೆ."

ಆ ಸದ್ದಿನ ಮೇಲೆ ಹಿನ್ನೆಲೆ ಸಂಗೀತ ಹಾಕಬೇಡಿ, ದಯವಿಟ್ಟು. ಕಾವಲಿ ಎಷ್ಟು ಕಾದಿದೆ ಅಂತ ನೋಡುವವರಿಗೆ ತಿಳಿಯೋದೇ ಅದರಿಂದ. ಮಾತನ್ನು ಮನಸ್ಸಲ್ಲಿ ಓದಿ ಅಳೆಯಬೇಡಿ, ನಿಜವಾಗಿ ದೋಸೆ ಹುಯ್ದು ಮುಚ್ಚಿ ಜೋರಾಗಿ ಓದಿ. ದೋಸೆ ಎದ್ದರೂ ಮಾತು ಮುಗಿದಿಲ್ಲ ಅಂದ್ರೆ ಮಾತು ಕಡಿಮೆ ಮಾಡಿ.

ಎರಡು ದೋಸೆ ಪೂರ್ತಿ ತೋರಿಸಿ, ಎರಡನೆಯದು ಹಿಟ್ಟು ಅರ್ಧಕ್ಕೆ ಇಳಿದ ಮೇಲಿನದಾಗಿರಲಿ. ಹಿಟ್ಟು ಗಟ್ಟಿ ಅನ್ನಿಸಿದರೆ ಎರಡು ಚಮಚ ನೀರು ಹಾಕೋದನ್ನೂ ಅಲ್ಲೇ ತೋರಿಸಬಹುದು. ಇಷ್ಟಕ್ಕೆ 4 ನಿಮಿಷ ಸಾಕು. ಉಳಿದ ಎರಡು ನಿಮಿಷಕ್ಕೆ ಚಟ್ನಿ ತುರುಕೋ ಯೋಚನೆ ಇದ್ರೆ ಬಿಡಿ, ಅದಕ್ಕೆ ಬೇರೆ ವಿಡಿಯೋ ಮಾಡಿ.