ಬಾಳೆಯೋ ಬೇಳೆಯೋ: ಗುಣಿತ ಕಳೆದ ಪದಗಳ ಬಗ್ಗೆ ಒಂದು ಉತ್ತರ

“ಮಾನ್ಯ ಸಂಪಾದಕರಿಗೆ ನಮಸ್ಕಾರಗಳು. ನಿಮ್ಮ ಪದವಿನೋದ ಅಂಕಣಕ್ಕೆ ‘ಹಿತ್ತಲಲ್ಲಿ ಏನೇನಿದೆ?’ ಎಂಬ ಒಗಟನ್ನು ಕಳುಹಿಸಿದ್ದೇನೆ. ಹಿತ್ತಲಿನ ಗಿಡಗಳ ಹೆಸರುಗಳಿಂದ ಗುಣಿತದ ಚಿಹ್ನೆಗಳನ್ನೆಲ್ಲ ತೆಗೆದಿದ್ದೇನೆ. ಓದುಗರು ಅವನ್ನು ತುಂಬಿ ಪದ ಕಂಡುಹಿಡಿಯಬೇಕು. ಮನೆಯವರಿಗೆಲ್ಲ ಇಷ್ಟವಾಯಿತು. ಪ್ರಕಟಣೆಗೆ ಯೋಗ್ಯವೇ? ಮುಚ್ಚುಮರೆಯಿಲ್ಲದೆ ತಿಳಿಸಿ.”

ನಮಸ್ಕಾರ. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ನಿಮ್ಮ ಮನೆಯವರಿಗೆ ಹಿತ್ತಲು ಗೊತ್ತು, ನೀವೂ ಗೊತ್ತು. ನಮ್ಮ ಓದುಗರ ಮುಂದೆ ಇರುವುದು ಅಕ್ಷರಗಳು ಮಾತ್ರ.

ಮೊದಲನೆಯ ಪದವನ್ನೇ ನೋಡಿ: ‘ಬಳ’. ನಿಮ್ಮ ಉತ್ತರ ಬಾಳೆ. ನಾನು ಉತ್ತರ ನೋಡದೆ ಬಿಡಿಸಲು ಕುಳಿತೆ. ಬಳೆ, ಬಾಳು, ಬಿಳಿ, ಬೀಳು, ಬೆಳೆ, ಬೇಳೆ, ಬೋಳು ಎಲ್ಲವೂ ಬಂದವು. ಹಿತ್ತಲಿನದು ಎಂಬ ಸುಳಿವಿದ್ದರೂ ‘ಬೆಳೆ’ ಎಂದು ಬರೆದವರಿಗೆ ತಪ್ಪು ಎಂದು ಹೇಳಲು ನಿಮ್ಮಲ್ಲಿ ಕಾರಣವಿಲ್ಲ. ಎರಡಕ್ಷರದ ಪದಗಳನ್ನು ಬಿಟ್ಟೇಬಿಡಿ.

ಇದಕ್ಕಿಂತ ದೊಡ್ಡ ತೊಡಕು ಒತ್ತಕ್ಷರದ್ದು. ನೀವು ಗುಣಿತದ ಜೊತೆಗೆ ಒತ್ತನ್ನೂ ಸೊನ್ನೆಯನ್ನೂ ಅಳಿಸಿದ್ದೀರಿ, ಆದರೆ ಹಾಗೆಂದು ಎಲ್ಲಿಯೂ ಹೇಳಿಲ್ಲ. ಮಲ್ಲಿಗೆ ‘ಮಲಗ’ ಆಗಿದೆ. ಅದರಿಂದ ಮಲಗು ಬರುತ್ತದೆ, ಮೆಲ್ಲಗೆ ಬರುತ್ತದೆ, ಮೂಲಂಗಿಯೂ ಬರುತ್ತದೆ. ಮೂಲಂಗಿ ಮಲ್ಲಿಗೆಯಷ್ಟೇ ಹಕ್ಕಿನಿಂದ ಹಿತ್ತಲಿನದು! ಒತ್ತು ಸ್ವರವಲ್ಲ, ವ್ಯಂಜನ. ಅದನ್ನು ಬಿಡಿ ಅಕ್ಷರವಾಗಿ ಕೆಳಗಿನಿಂದ ಮೇಲಕ್ಕೆ ತನ್ನಿ: ‘ಮಲಲಗ’. ಸೊನ್ನೆಯನ್ನು ಇದ್ದಲ್ಲೇ ಉಳಿಸಿ: ಮೂಲಂಗಿ ‘ಮಲಂಗ’ ಆಗಲಿ. ಆಮೇಲೂ ‘ಮಲಲಗ’ಕ್ಕೆ ಮೆಲ್ಲಗೆ ಎಂಬ ಎರಡನೆಯ ಉತ್ತರ ಉಳಿಯುತ್ತದೆ, ಆದರೆ ಅದನ್ನು ತಳ್ಳಿಹಾಕಲು ‘ಹೂವು’ ಎಂಬ ಸುಳಿವೊಂದೇ ಸಾಕು.

‘ಗ’ದಲ್ಲಿ ಕೊನೆಯಾಗುವ ಪದಗಳ ಮೇಲೆ ಇನ್ನೊಂದು ಕಣ್ಣಿರಲಿ. ಚತುರ್ಥಿ ವಿಭಕ್ತಿ ಅಲ್ಲಿ ನುಸುಳುತ್ತದೆ: ಮೂಲೆಗೆ, ಮಾಲೆಗೆ, ಮಾಲಿಗೆ ಎಲ್ಲವೂ ‘ಮಲಗ’ವೇ. ವಿಭಕ್ತಿ ಹತ್ತಿದ ರೂಪಗಳು ಸಲ್ಲವೆಂದು ಮೇಲೆಯೇ ಒಂದು ಸಾಲು ಬರೆಯಿರಿ.

ಅರ್ಕಾವತ್ತಿನಲ್ಲಿ ಬೇರೆಯದೇ ಎಡವಟ್ಟಾಗಿದೆ. ಸೂರ್ಯಕಾಂತಿಯನ್ನು ‘ಸಯರಕತ’ ಎಂದು ಬರೆದಿದ್ದೀರಿ. ಅರ್ಕಾವತ್ತು ಯಕಾರದ ಬಲಕ್ಕೆ ನಿಲ್ಲುತ್ತದೆ, ಸರಿ. ಉಚ್ಚರಿಸುವಾಗ ಮೊದಲು ಬರುವುದು ರಕಾರ. ‘ಸರಯಕಂತ’ ಎಂದಾಗಬೇಕು. ಕಣ್ಣಿಗೆ ಕಂಡ ಕ್ರಮದಲ್ಲಿ ಬರೆದರೆ ಓದುಗರು ಸಾಯಂಕಾಲದವರೆಗೆ ತಿಣುಕಿದರೂ ಉತ್ತರ ಸಿಗದು.

ಸ್ವರದಿಂದ ಆರಂಭವಾಗುವ ಪದಗಳಲ್ಲಿ ಆ ಸ್ವರವನ್ನೇ ಹಾರಿಸಿದ್ದೀರಿ. ಈರುಳ್ಳಿ ‘ರಳ’ವಾಗಿ ನಿಂತಿದೆ, ಮುಂದೆ ಏನೋ ಇತ್ತು ಎಂಬ ಗುರುತೂ ಇಲ್ಲ. ಯಾವ ಸ್ವರವಿದ್ದರೂ ಅದರ ಜಾಗದಲ್ಲಿ ‘ಅ’ ಇಡಿ: ‘ಅರಳಳ’.

ಈ ನಿಯಮಗಳಿದ್ದರೆ ಒಗಟು ಎಷ್ಟು ಸೊಗಸಾಗುತ್ತದೆ ಎಂಬುದಕ್ಕೆ ನಿಮ್ಮದೇ ಕೊತ್ತಂಬರಿ ಸಾಕ್ಷಿ. ಅದನ್ನು ‘ಕತತಂಬರ’ ಎಂದು ಕೊಡಿ. ಓದುಗನಿಗೆ ಮೊದಲು ಕಾಣುವುದು ಜೋಡಿ ತಕಾರ. ಅದು ‘ತ್ತ’ ಆಗಿರಬಹುದು ಎಂದು ಹಿಡಿದರೆ ಪದಕ್ಕೆ ನಾಲ್ಕು ಅಕ್ಷರ. ಅಕ್ಷರಕ್ಕೆ 13 ಸ್ವರಗಳಂತೆ ಲೆಕ್ಕ ಹಾಕಿದರೆ 28,561 ಸಾಧ್ಯತೆಗಳು. ಆದರೆ ಕನ್ನಡ ಬಲ್ಲವನು ಅಷ್ಟನ್ನೂ ಜಾಲಾಡುವುದಿಲ್ಲ. ಅಚ್ಚಗನ್ನಡ ಪದಗಳಲ್ಲಿ ದ್ವಿತ್ವದ ಹಿಂದಿನ ಸ್ವರ ಸಾಮಾನ್ಯವಾಗಿ ಹ್ರಸ್ವ. ಹಾಗಾಗಿ ಮೊದಲಿಗೆ ಕ, ಕಿ, ಕು, ಕೆ, ಕೊ ಐದೇ. ಮೊದಲ ಅಕ್ಷರ ದಾಟಿದ ಮೇಲೆ ದೀರ್ಘವಾಗಲಿ ಒಕಾರವಾಗಲಿ ಅಪರೂಪ. ಅ, ಇ, ಉ, ಎ ನಾಲ್ಕೇ ಉಳಿಯುತ್ತವೆ. ಈಗ ಲೆಕ್ಕ 320ಕ್ಕೆ ಇಳಿಯಿತು. ಕೊನೆಯ ರಕಾರಕ್ಕೆ ರ, ರಿ, ರು, ರೆ ಒಂದೊಂದಾಗಿ ಹಚ್ಚಿ ‘ಂಬರಿ’ ಎಂದು ಬಾಯಲ್ಲಿ ಆಡಿಸುವಷ್ಟರಲ್ಲಿ ಅಡುಗೆಮನೆಯ ವಾಸನೆ ಬಂದುಬಿಡುತ್ತದೆ.

ಈ ದಾರಿ ಸಂಸ್ಕೃತ ಪದಗಳಿಗೆ ಹೊಂದದು. ಅಲ್ಲಿ ದೀರ್ಘ ಎಲ್ಲಿ ಬೇಕಾದರೂ ಬರುತ್ತದೆ. ಮಹಾಪ್ರಾಣವೋ ಶಕಾರ, ಷಕಾರವೋ ಇದ್ದರೆ ಓದುಗರು ತಾವೇ ಎಚ್ಚರಗೊಳ್ಳುತ್ತಾರೆ. ಸೂರ್ಯಕಾಂತಿಯಲ್ಲಿ ಅಂಥ ಗುರುತೂ ಇಲ್ಲ. ಅದನ್ನು ಪಟ್ಟಿಯ ಕೊನೆಗೆ ಸರಿಸಿ.

ಬದನೆಕಾಯಿ, ನುಗ್ಗೆಕಾಯಿ, ಹೀರೆಕಾಯಿ ಸಾಲಾಗಿ ಬಂದಿರುವುದು ತೀರಾ ಸಲೀಸು. ಒಂದು ‘ಕಯ’ ಒಡೆದರೆ ಮೂರೂ ಒಡೆಯುತ್ತವೆ. ಒಂದನ್ನು ಇಟ್ಟುಕೊಳ್ಳಿ; ನನ್ನ ಒಲವು ನುಗ್ಗೆಯ ಕಡೆಗೆ, ‘ನಗಗಕಯ’ ನೋಡಿದೊಡನೆ ನಗು ಬರುತ್ತದೆ.

ತಿದ್ದಿದ ಪಟ್ಟಿಯನ್ನು ಕಳುಹಿಸುವ ಮೊದಲು ಹಿತ್ತಲು ನೋಡದ ಯಾರಿಗಾದರೂ ಕೊಟ್ಟು, ಅವರು ಬರೆದ ‘ತಪ್ಪು’ ಉತ್ತರಗಳನ್ನೂ ಜೊತೆಗಿಟ್ಟು ಕಳುಹಿಸಿ. ಉತ್ತರಗಳು ಬೇರೆ ಹಾಳೆಯಲ್ಲಿರಲಿ. ಈ ಸಲ ಅವನ್ನು ಒಗಟಿನ ಪಕ್ಕದಲ್ಲೇ ಬರೆದಿದ್ದರಿಂದ ನಾನು ಕೈಯಡ್ಡ ಹಿಡಿದು ಓದಬೇಕಾಯಿತು.