ರೋಲ್ ಜೋರಾದರೆ ಎಡಗೈ ಹಿಂದೆ ಬೀಳೋದು ಯಾಕೆ?

ಪ್ರಶ್ನೆ: ಕೊಪ್ಪಳದಾಗ ಆರ್ಕೆಸ್ಟ್ರಾಕ್ಕ ಡ್ರಮ್ ಬಾರಸ್ತೀನ್ರಿ. ಸಿಂಗಲ್ ಸ್ಟ್ರೋಕ್ ರೋಲ್ ಜೋರು ಮಾಡಿದ್ರ ಎಡಗೈ ಹಿಂದ ಬೀಳತೈತಿ. ಪ್ಯಾರಾಡಿಡಲ್ ಮಾಡಿದ್ರ ಸುಧಾರಿಸತೈತೇನ್ರಿ?

ಉತ್ತರ: ಸುಧಾರಿಸತೈತ್ರಿ, ಆದ್ರ ಮೊದಲು ಸ್ಟಿಕ್ ಎತ್ತರ ನೋಡ್ರಿ. ಬಲಗೈದು ಗೇಣುದ್ದ ಎದ್ದು ಎಡಗೈದು ನಾಲ್ಕೇ ಬೆರಳು ಎದ್ದರ ರೋಲ್ ಕುಂಟತೈತಿ. ಮೆಟ್ರೋನೋಮ್ 60ಕ್ಕ ಇಟ್ಟು, ಬೀಟಿಗೆ ನಾಲ್ಕು ಏಟಿನಂಗ, ಎರಡೂ ಸಮ ಆಗೋತನಕ ಬಾರಸ್ರಿ.

ಆಮೇಲೆ ಪ್ಯಾರಾಡಿಡಲ್: ಬಲ-ಎಡ-ಬಲ-ಬಲ, ಎಡ-ಬಲ-ಎಡ-ಎಡ. ಮೊದಲನೇ ಏಟಿಗೆ ಮಾತ್ರ ಒತ್ತು; ಉಳಿದ ಮೂರು 2 ಇಂಚಿನ ಮೇಲಿಂದ ಸಾಕು. ಒತ್ತು ಕೊಟ್ಟ ಸ್ಟಿಕ್ ಪುಟಿದು ಮೇಲೇಳದಂಗ ಕೆಳಗೇ ತಡೀರಿ. ಎರಡನೇ ಏಟು ಮೆಲ್ಲಗ ಹೊಡೆದ ಎಡಗೈ ಅಲ್ಲಿಂದಲೇ ಮೇಲೇಳಬೇಕು, ಯಾಕಂದ್ರ ಮುಂದಿನ ಒತ್ತು ಅದರದೇ. ಹೆಚ್ಚಿನವರು ಇಲ್ಲೇ ತಡ ಮಾಡೋದು. ಕಡೇ ಏಟು ಸಪ್ಪಗಾದರ ಬರೀ ಪುಟಿತಕ್ಕ ಬಿಟ್ಟೀರಿ ಅಂತ. ಅದನ್ನೂ ಮಣಿಕಟ್ಟಿಂದ ಹೊಡೀರಿ.