ಫೋನಿಗೂ ದೊಡ್ಡ ಸ್ಕ್ರೀನಿಗೂ ಹೊಂದುವ ಶೀರ್ಷಿಕೆ

ಪ್ರಶ್ನೆ: ನಮ್ಮ ಹೋಂಸ್ಟೇ ವೆಬ್‌ಸೈಟಿನ ಮುಖ್ಯ ಶೀರ್ಷಿಕೆ ‘ಮುಳ್ಳಯ್ಯನಗಿರಿಯ ತಪ್ಪಲಲ್ಲೊಂದು ಮನೆ’. `5vw` ಕೊಟ್ಟರೆ ಫೋನಿನಲ್ಲಿ ಪುಟ್ಟದಾಗಿ, ಟಿವಿಯಷ್ಟು ದೊಡ್ಡ ಮಾನಿಟರಿನಲ್ಲಿ ರಾಕ್ಷಸಾಕಾರವಾಗಿ ಕಾಣುತ್ತದೆ. ಏನು ಮಾಡಲಿ?
— ಓದುಗರು, ಚಿಕ್ಕಮಗಳೂರು

ಉತ್ತರ: `5vw` ಅಂದರೆ ಸ್ಕ್ರೀನಿನ ಅಗಲದ ನೂರಕ್ಕೆ ಐದು ಪಾಲು. 360 ಪಿಕ್ಸೆಲ್ ಫೋನಿನಲ್ಲಿ ಅದು 18, 1920ರ ಮಾನಿಟರಿನಲ್ಲಿ 96. ತಡೆಯುವವರೇ ಇಲ್ಲ. ಮೊದಲು ಎರಡು ತುದಿಗಳನ್ನು ಗೊತ್ತುಮಾಡಿ, ಆಮೇಲೆ ನಡುವಿನದನ್ನು `clamp`ಗೆ ಬಿಡಿ; ಅದು ಅಕ್ಷರದ ಅಳತೆಯನ್ನು ಆ ಎರಡು ತುದಿಗಳ ಒಳಗೇ ಹಿಡಿದಿಡುತ್ತದೆ.

ಫೋನಿನಲ್ಲಿ ಮೂಲ ಅಕ್ಷರ 16 ಪಿಕ್ಸೆಲ್, ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಬೆಳೆಯುವ ಅನುಪಾತ 1.2 ಇರಲಿ. ಮುಖ್ಯ ಶೀರ್ಷಿಕೆ ನಾಲ್ಕು ಮೆಟ್ಟಿಲು ಮೇಲೆ, ಅಂದರೆ 16ನ್ನು 1.2ರಿಂದ ನಾಲ್ಕು ಸಲ ಗುಣಿಸಿದರೆ 33.18. 1280 ಅಗಲದ ಸ್ಕ್ರೀನಿಗೆ ಮೂಲ 18, ಅನುಪಾತ 1.333, ಅದೇ ನಾಲ್ಕು ಮೆಟ್ಟಿಲಿಗೆ 56.83. ಎರಡೂ ಕಡೆ ಒಂದೇ ಅನುಪಾತ ಇಟ್ಟರೆ ಫೋನಿನ ಶೀರ್ಷಿಕೆ ಅತಿಯಾಗುತ್ತದೆ, ಇಲ್ಲವೇ ದೊಡ್ಡ ಸ್ಕ್ರೀನಿನದು ಸಪ್ಪೆಯಾಗುತ್ತದೆ.

ಇನ್ನು ಏರಿಕೆ. 56.83ರಲ್ಲಿ 33.18 ಕಳೆದರೆ 23.65. ಅದನ್ನು ಅಗಲದ ಅಂತರ 920ರಿಂದ ಭಾಗಿಸಿ, 100ರಿಂದ ಗುಣಿಸಿದರೆ `2.571vw`. 360ರಲ್ಲಿ ಇದರ ಪಾಲು 9.25 ಪಿಕ್ಸೆಲ್, 33.18ರಲ್ಲಿ ಅದನ್ನು ಕಳೆದು 16ರಿಂದ ಭಾಗಿಸಿದರೆ `1.495rem`. `1rem` ಅಂದರೆ ಪುಟದ ಮೂಲ ಅಳತೆ, ನೀವು ಬದಲಿಸದಿದ್ದರೆ ಸಾಮಾನ್ಯವಾಗಿ 16 ಪಿಕ್ಸೆಲ್. ಎರಡು ತುದಿಗಳನ್ನೂ 16ರಿಂದ ಭಾಗಿಸಿ `rem` ಮಾಡಿಕೊಳ್ಳಿ.

```css
h1 {
  font-size: clamp(2.074rem, 1.495rem + 2.571vw, 3.552rem);
  line-height: 1.4;
}
```

ಉಪಶೀರ್ಷಿಕೆಗೆ ಮೂರು ಮೆಟ್ಟಿಲು, ಅದರ ಕೆಳಗಿನದಕ್ಕೆ ಎರಡು; ಲೆಕ್ಕ ಇದೇ.

`+` ಗುರುತಿನ ಎರಡೂ ಬದಿ ಖಾಲಿ ಜಾಗ ಇರಲೇಬೇಕು. ಮರೆತರೆ ಬ್ರೌಸರ್ ಆ ಇಡೀ ಸಾಲನ್ನು ಕೈಬಿಡುತ್ತದೆ. ಇನ್‌ಸ್ಪೆಕ್ಟ್‌ನಲ್ಲಿ ಅದರ ಮೇಲೆ ಗೆರೆ ಎಳೆದಿರುವುದು ಕಾಣುತ್ತದೆ. ನಡುವಿನ ಭಾಗದಲ್ಲಿ `rem` ಬಿಟ್ಟು ಬರೀ `vw` ಹಾಕುವುದೂ ತಪ್ಪೇ. ಕಣ್ಣು ಮಂಜಾದವರು ಪುಟವನ್ನು ಜೂಮ್ ಮಾಡಿದಾಗ `vw` ಭಾಗ ಹಿಗ್ಗುವುದಿಲ್ಲ, ಹಾಗಾಗಿ ಅಕ್ಷರ ಬಹಳಷ್ಟು ಹೊತ್ತು ಇದ್ದಲ್ಲೇ ಇರುತ್ತದೆ. ದೊಡ್ಡ ತುದಿ ಚಿಕ್ಕ ತುದಿಯ ಎರಡೂವರೆ ಪಟ್ಟು ಮೀರದಿರಲಿ, ಇಲ್ಲಿ 1.71 ಪಟ್ಟು, ತೊಂದರೆಯಿಲ್ಲ.

ನಿಮ್ಮ ಶೀರ್ಷಿಕೆಯಲ್ಲಿ ನಿಜವಾದ ಪರೀಕ್ಷೆ ‘ಮುಳ್ಳಯ್ಯನಗಿರಿಯ’ ಎಂಬ ಪದದ್ದು. ಕನ್ನಡದ ಉದ್ದ ಪದವನ್ನು ಬ್ರೌಸರ್ ತಾನಾಗಿ ನಡುವೆ ಮುರಿಯುವುದಿಲ್ಲ. ಹಿಡಿಸದಿದ್ದರೆ ಪುಟ ಪಕ್ಕಕ್ಕೆ ಸರಿಯತೊಡಗುತ್ತದೆ. 360 ಅಗಲದಲ್ಲಿ ಎರಡೂ ಬದಿಯ ಅಂಚು ತಲಾ 16 ಹೋದರೆ ಉಳಿಯುವುದು 328. ನಿಮ್ಮ ಫಾಂಟಿನಲ್ಲಿ ಆ ಪದ ಅಷ್ಟರಲ್ಲಿ ಕೂರದಿದ್ದರೆ ಫೋನಿನ ಅನುಪಾತವನ್ನು 1.15ಕ್ಕೆ ಇಳಿಸಿ. ಚಿಕ್ಕ ತುದಿ ಸುಮಾರು 28 ಪಿಕ್ಸೆಲ್ ಆಗುತ್ತದೆ, ಲೆಕ್ಕ ಮತ್ತೆ ಹಾಕಿ. `overflow-wrap: anywhere` ಹಾಕಿದರೂ ಸರಿಯುವುದು ನಿಲ್ಲುತ್ತದೆ, ಆದರೆ ‘ಮುಳ್ಳಯ್ಯನಗಿರಿ’ ಒಂದು ಸಾಲಿನಲ್ಲಿ, ‘ಯ’ ಮುಂದಿನ ಸಾಲಿನಲ್ಲಿ ಬಂದೀತು. ಊರಿನ ಬೋರ್ಡಿಗೂ ಅದು ಒಪ್ಪದು.

ಸಾಲಿನ ಎತ್ತರ 1.4 ಇಟ್ಟಿರುವುದು ಒತ್ತಕ್ಷರಕ್ಕಾಗಿ. ಇಂಗ್ಲಿಷಿಗೆ ಸಾಕಾಗುವ 1.1ರಲ್ಲಿ ‘ಳ್ಳ’, ‘ಯ್ಯ’ಗಳ ಒತ್ತು ಕೆಳಗಿನ ಸಾಲಿನ ತಲಕಟ್ಟು, ಗುಡಿಸುಗಳಿಗೆ ತಾಗುತ್ತದೆ.